ಸಿಮೆಂಟಿಗೆ ಒಂದು ಸಾಲು: ಮನೆ ಕಟ್ಟುವವರ ಮಾತಿನಲ್ಲೇ ಬರೆಯುವುದು ಹೇಗೆ?

ಜೀವನದಲ್ಲಿ ಒಂದೇ ಸಲ ಮನೆ ಕಟ್ಟುವವರಿಗೆ ಸಿಮೆಂಟಿನ ಬಗ್ಗೆ ಗೊತ್ತಿರುವುದು ಕಡಿಮೆ. ಚೀಲ ನೋಡಿದರೆ ಬೂದು ಪುಡಿ ಅಷ್ಟೇ. ಗೋಡೆಗೆ ಬಣ್ಣ ಬಳಿದ ಮೇಲೆ ಅದು ಕಣ್ಣಿಗೂ ಬೀಳುವುದಿಲ್ಲ. ಇಂಥವರಿಗಾಗಿ ಬ್ರ್ಯಾಂಡಿನ ಹೆಸರಿನ ಕೆಳಗೆ ನಾಲ್ಕೈದು ಪದಗಳ ಸಾಲು ಬರೆಯಬೇಕು. ಹಾರುಬೂದಿ ಬೆರೆಸಿದ ಸಿಮೆಂಟನ್ನು, ಅಂದರೆ ಪಿಪಿಸಿಯನ್ನು, ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಮೊದಲು ಕೇಳಿಸಿಕೊಳ್ಳಿ. ಮನೆ ಕಟ್ಟುತ್ತಿರುವ ಐದಾರು ಜನರ ಜೊತೆ ಕುಳಿತು ಮಾತಾಡಿ. ಅವರು ‘ಸಂಕೋಚನ ಸಾಮರ್ಥ್ಯ’ ಅನ್ನುವುದಿಲ್ಲ. ‘ತಾರಸಿ ಸೋರಬಾರದು’, ‘ಗೋಡೆ ಬಿರುಕು ಬಿಡಬಾರದು’, ‘ಮಕ್ಕಳ ಕಾಲಕ್ಕೂ ಇರಬೇಕು’ ಅನ್ನುತ್ತಾರೆ. ಈ ಮಾತುಗಳನ್ನು ತಿದ್ದದೆ ಹಾಗೇ ಬರೆದುಕೊಳ್ಳಿ. ನಿಮ್ಮ ಸಾಲಿಗೆ ಬೇಕಾದ ಪದಗಳು ಇಲ್ಲೇ ಇರುತ್ತವೆ.

ಆಮೇಲೆ ಸಿಮೆಂಟಿನ ಒಂದೇ ಒಂದು ನಿಜ ಹಿಡಿಯಿರಿ. ಸಿಮೆಂಟಿನ ಬಲವನ್ನು ಸಾಮಾನ್ಯವಾಗಿ 28 ದಿನಕ್ಕೆ ಅಳೆಯುತ್ತಾರೆ. ಹಾಗಂತ ಅದು ಗಟ್ಟಿಯಾಗುವುದು ಅಲ್ಲಿಗೇ ನಿಲ್ಲುವುದಿಲ್ಲ. ಪಿಪಿಸಿಯಲ್ಲಿರುವ ಹಾರುಬೂದಿ, ಸಿಮೆಂಟು ನೀರು ಕುಡಿದಾಗ ಹೊರಬರುವ ಸುಣ್ಣದ ಜೊತೆ ನಿಧಾನವಾಗಿ ಸೇರುತ್ತದೆ. ಒಳಗಿನ ಸಣ್ಣ ಸಣ್ಣ ತೂತುಗಳನ್ನು ತುಂಬುತ್ತಾ ಹೋಗುತ್ತದೆ. ತೇವ ಸಿಕ್ಕರೆ ಈ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ನಮ್ಮ ಸಾಲಿಗೆ ಇದೇ ಬೀಜ.

ಈಗ ಬರೆಯಿರಿ, ಬರೆದದ್ದನ್ನು ಹೊಡೆದು ಹಾಕಿ. ಮೂವತ್ತು ಸಾಲಾದರೂ ಬರೆಯಬೇಕು. ಮೊದಲ ಹತ್ತು ಹೆಚ್ಚಾಗಿ ಹೀಗಿರುತ್ತವೆ: ‘ಅಪಾರ ಶಕ್ತಿ, ಅಚಲ ನಂಬಿಕೆ’. ಇದೇ ಸಾಲನ್ನು ಬೀಗಕ್ಕೋ ಬ್ಯಾಂಕಿಗೋ ಅಂಟಿಸಿ ನೋಡಿ. ಅಲ್ಲೂ ಕೂರುತ್ತದೆ, ಅಲ್ವಾ? ಹಾಗಾದರೆ ಅದು ಸಿಮೆಂಟಿನ ಸಾಲಲ್ಲ. ‘ನಂಬಿ’ ಎಂದು ಬಾಯಿಬಿಟ್ಟು ಕೇಳಿದರೆ ನಂಬಿಕೆ ಹುಟ್ಟುವುದಿಲ್ಲ.

‘ಗಟ್ಟಿ ಸಿಮೆಂಟ್, ಗಟ್ಟಿ ಮನೆ’ ಕೇಳಲು ಚೆನ್ನಾಗಿದೆ. ಆದರೆ ಮೇಸ್ತ್ರಿಯ ಕಿವಿಗೆ ‘ಗಟ್ಟಿ ಸಿಮೆಂಟ್’ ಅಂದರೆ ತೇವ ತಗುಲಿ ಚೀಲದಲ್ಲೇ ಗಂಟುಗಟ್ಟಿದ, ಕೆಲಸಕ್ಕೆ ಬಾರದ ಮಾಲು. ಗಟ್ಟಿಯಾಗಬೇಕಾದದ್ದು ಮನೆ, ಚೀಲವಲ್ಲ. ಈ ಒಂದು ಪದ ಎಲ್ಲಿ ಕೂರುತ್ತದೆ ಅನ್ನುವುದರ ಮೇಲೇ ಸಾಲು ನಿಲ್ಲುತ್ತದೆ.

‘ನಿಧಾನವಾಗಿ ಗಟ್ಟಿ, ನಿರಂತರ ಗಟ್ಟಿ’ ನಿಜಕ್ಕೆ ಹತ್ತಿರವಿದೆ. ಆದರೆ ‘ನಿಧಾನ’ ಅಂದ ಕೂಡಲೇ ಸೆಂಟ್ರಿಂಗ್ ಬಿಚ್ಚುವುದು ತಡವಾಗುತ್ತದೆ ಎಂಬ ಲೆಕ್ಕ ಮೇಸ್ತ್ರಿಯ ತಲೆಯಲ್ಲಿ ಓಡುತ್ತದೆ. ಯಾವ ಸಿಮೆಂಟ್ ತರಲಿ ಎಂದು ಮನೆಯವರು ಕೇಳುವುದು ಅವರನ್ನೇ. ಅವರು ಮೂಗು ಮುರಿದರೆ ಸಾಲು ಸೋತಂತೆ.

‘ಬಿರುಕೇ ಬಿಡದ ಮನೆ’ಯನ್ನು ನಾನು ಎಂದೂ ಬರೆಯುವುದಿಲ್ಲ. ನೀರು ಜಾಸ್ತಿ ಸುರಿದು ಕಲಸಿದರೆ, ಪಾಯ ಕುಸಿದರೆ, ಯಾವ ಸಿಮೆಂಟ್ ಹಾಕಿದರೂ ಬಿರುಕು ಬರುತ್ತದೆ. ಮೊದಲ ಬಿರುಕು ಕಂಡ ದಿನ ಆ ಮನೆಯವರು ನಿಮ್ಮ ಸಾಲನ್ನೇ ನೆನೆಸಿಕೊಳ್ಳುತ್ತಾರೆ.

‘ಹಳೆಯದಾದಷ್ಟೂ ಗಟ್ಟಿ’ ತುಂಬ ಸೆಳೆಯುತ್ತದೆ. ಆದರೆ ಬಲ ಏರುವ ವೇಗ ಬರಬರುತ್ತಾ ಕಡಿಮೆಯಾಗುತ್ತದೆ, ಒಳಗಿನ ಕಬ್ಬಿಣಕ್ಕೆ ತುಕ್ಕೂ ಹಿಡಿಯಬಹುದು. ಮಾತು ನಿಜವನ್ನು ದಾಟಿತು. ಸ್ವಲ್ಪ ಹಿಂದೆ ಬಂದರೆ ಸಿಗುವುದು ಇದು:

‘ಕಟ್ಟಿದ ಮೇಲೂ ಗಟ್ಟಿಯಾಗುವ ಮನೆ.’

ನಾಲ್ಕೇ ಪದ. ‘ಕಟ್ಟಿ’, ‘ಗಟ್ಟಿ’ ಒಂದಕ್ಕೊಂದು ತಾಗುವುದರಿಂದ ಸುಲಭವಾಗಿ ನಾಲಿಗೆಗೆ ಬರುತ್ತದೆ. ಮಕ್ಕಳ ಕಾಲಕ್ಕೂ ಇರಲಿ ಎಂದವರಿಗೂ ಉತ್ತರ ಸಿಕ್ಕಿತು. ‘ಶಕ್ತಿ’, ‘ನಂಬಿಕೆ’ ಎಂಬ ಪದಗಳೇ ಇಲ್ಲ, ಆದರೆ ಎರಡೂ ಇವೆ.

ಕೊನೆಗೆ ಎರಡು ಪರೀಕ್ಷೆ. ಒಂದು, ಕಿವಿಯದು. ಒಬ್ಬ ಮೇಸ್ತ್ರಿಗೆ ಸಾಲನ್ನು ಒಮ್ಮೆ ಮಾತ್ರ ಹೇಳಿ. ಸ್ವಲ್ಪ ಹೊತ್ತು ಬೇರೇನೋ ಮಾತಾಡಿ, ಆಮೇಲೆ ನೆನಪಿದೆಯಾ ಎಂದು ಕೇಳಿ. ಪದ ಅದಲು ಬದಲಾದರೆ ಅವರು ಹೇಳಿದ ರೂಪವನ್ನೂ ಬರೆದಿಟ್ಟುಕೊಳ್ಳಿ. ಕೆಲವೊಮ್ಮೆ ಅದೇ ಚೆನ್ನಾಗಿರುತ್ತದೆ.

ಇನ್ನೊಂದು, ಕಾಗದದ್ದು. ಈ ಸಿಮೆಂಟಿನಿಂದ ಮಾಡಿದ ಕಾಂಕ್ರೀಟ್ ಘನಗಳ 28 ಮತ್ತು 90 ದಿನಗಳ ಪರೀಕ್ಷೆಯ ವರದಿಯನ್ನು ಕಂಪನಿಯಿಂದ ಕೇಳಿ ಪಡೆಯಿರಿ. 90ನೇ ದಿನದ ಬಲ ಸ್ಪಷ್ಟವಾಗಿ ಏರಿರಬೇಕು. ಏರಿಲ್ಲದಿದ್ದರೆ ಸಾಲು ಎಷ್ಟೇ ಇಷ್ಟವಾಗಿದ್ದರೂ ಬಿಟ್ಟುಬಿಡಿ.

ಏರಿದ್ದರೆ, ಚೀಲದ ಹಿಂಬದಿಯಲ್ಲಿ ಒಂದು ಮಾತು ದೊಡ್ಡದಾಗಿಯೇ ಅಚ್ಚಾಗಲಿ: ‘ಕನಿಷ್ಠ 10 ದಿನ ಒಣಗಲು ಬಿಡದೆ ನೀರುಣಿಸಿ.’ ಆ ನೀರು ಸಿಕ್ಕರೆ ಮಾತ್ರ ಮುಂಬದಿಯ ಸಾಲು ನಿಜವಾಗುತ್ತದೆ.