ನಾಲ್ಕೂವರೆ ಸ್ಟಾರ್ ಇದೆ, ಆದರೂ ಜನ ಯಾಕೆ ಬೈತಾರೆ?

ಡೊಂಬಿವಲಿಯ ನಮ್ಮಕ್ಕ ಆನ್‌ಲೈನಲ್ಲಿ ಮಿಕ್ಸಿ ನೋಡಿದ್ದಳು. 4.5 ಸ್ಟಾರ್. ಕೆಳಗೆ ಓದಿದರೆ ಬರೀ ದೂರು. "ಯಾವುದನ್ನ ನಂಬ್ಲಿ ಮಾರಾಯಾ?" ಅಂತ ಫೋನ್ ಮಾಡಿದಳು. ಎರಡೂ ನಿಜ ಇರಬಹುದು. ಭಾನುವಾರ ಅವಳ ಮನೆಗೆ ಹೋಗಿ ಇಬ್ಬರೂ ಕೂತು ನೋಡಿದೆವು.

ಮೊದಲು ಎರಡು ಸಂಖ್ಯೆ ನೋಡಿ. ಸ್ಟಾರ್ ಕೊಟ್ಟವರು ಸಾವಿರ, ಬರೆದವರು ನೂರಿಪ್ಪತ್ತು. ಉಳಿದವರು ಸುಮ್ನೆ ಸ್ಟಾರ್ ಒತ್ತಿ ಹೋಗಿದ್ದಾರೆ. ಡಬ್ಬ ಬಂದ ವಾರದೊಳಗೇ ಆ್ಯಪ್ 'ಹೇಗಿದೆ?' ಅಂತ ಕೇಳುತ್ತದೆ ಅಲ್ವಾ, ಆಗ ಒಂದು ಸಲ ಚಟ್ನಿ ರುಬ್ಬಿದ್ದರೆ ಜಾಸ್ತಿ. ಕೂತು ಬರೆಯುವವರು ಹೆಚ್ಚಾಗಿ ಕೈ ಸುಟ್ಟುಕೊಂಡವರು.

ಆಮೇಲೆ ಪಟ್ಟಿ ನೋಡಿ. ಐದು ಸ್ಟಾರ್ 820, ನಾಲ್ಕು 60, ಮೂರು 20, ಎರಡು 10, ಒಂದು 90. ಲೆಕ್ಕ ಹಾಕಿದರೆ ಸರಾಸರಿ 4.51. ತೊಂಬತ್ತು ಜನಕ್ಕೆ ಪೂರ್ತಿ ಕೈಕೊಟ್ಟರೂ ಸರಾಸರಿ ನಾಲ್ಕೂವರೆಗಿಂತ ಕೆಳಗಿಳಿಯಲಿಲ್ಲ ನೋಡಿ! ಸರಾಸರಿ ಬಿಟ್ಟು ಆ ಒಂದು ಸ್ಟಾರಿನ ಗುಂಪನ್ನೇ ಓದಬೇಕು.

ಓದುವಾಗ 'ಹೊಸದು ಮೊದಲು' ಅಂತ ಇಟ್ಟುಕೊಳ್ಳಿ. ಡಬ್ಬ ಜಜ್ಜಿತ್ತು, ತಡವಾಗಿ ಬಂತು ಅನ್ನುವವನ್ನು ಬದಿಗಿಡಿ, ಅದು ಸಾಗಿಸಿದವರ ತಪ್ಪು. ಉಳಿದವುಗಳಲ್ಲಿ ಒಂದೇ ಭಾಗದ ಹೆಸರು ಮತ್ತೆ ಮತ್ತೆ ಬರುತ್ತದಾ ನೋಡಿ. ಇಲ್ಲಿ ಬಂತು. ಹಿಂದಿಯಲ್ಲಿ ಒಬ್ಬರು, ಮರಾಠಿಯಲ್ಲಿ ಇಬ್ಬರು, ಇಂಗ್ಲಿಷಿನಲ್ಲಿ ನಾಲ್ವರು, ಎಲ್ಲರದ್ದೂ ಒಂದೇ ಮಾತು: ಮೂರ್ನಾಲ್ಕು ತಿಂಗಳಿಗೆ ಜಾರಿನ ತಳದಲ್ಲಿ ನೀರು ಸೋರುತ್ತದೆ. ಬ್ಲೇಡಿನ ಕೆಳಗಿನ ಬುಷ್, ವಾಷರ್ ಸವೆದರೆ ಹೀಗಾಗುತ್ತದೆ. ಮೊದಲ ವಾರದಲ್ಲಿ ಸ್ಟಾರ್ ಒತ್ತಿದವರಿಗೆ ಇದು ಗೊತ್ತಾಗುವುದಾದರೂ ಹೇಗೆ?

ಒಬ್ಬರೇ ಬೈದಿದ್ದರೆ ಅವರಿಗೆ ಸಿಕ್ಕ ಪೀಸು ಕೆಟ್ಟದ್ದಿರಬಹುದು. ಏಳು ಜನ ಒಂದೇ ಜಾಗ ತೋರಿಸಿದರೆ ಮಾಲಿನದ್ದೇ ದೋಷ ಇರುವ ಸಾಧ್ಯತೆ ಜಾಸ್ತಿ.

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ಒಂದೇ ಪುಟದಲ್ಲಿ 500 ವ್ಯಾಟ್, 750 ವ್ಯಾಟ್ ಎರಡನ್ನೂ ಇಟ್ಟು ಸ್ಟಾರ್‌ಗಳನ್ನು ಒಟ್ಟಿಗೆ ಕೂಡಿಸಿರುತ್ತಾರೆ. ಪ್ರತಿ ಬರಹದ ಮೇಲೆ ಯಾವ ಮಾಡೆಲ್ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಸೋರುವ ಏಳರಲ್ಲಿ ಆರು 500ರದ್ದು. ಹೊಗಳಿದ್ದು ಹೆಚ್ಚಾಗಿ 750ರದ್ದು. ಅಕ್ಕ ಬುಟ್ಟಿಗೆ ಹಾಕಿದ್ದೂ 500ರದ್ದೇ! ಕೆಲವು ಕಡೆ ಪುಟವನ್ನು ಹಳೇ ಮಾಲಿಗೆ ಮಾಡಿ, ಆಮೇಲೆ ಹೊಸದನ್ನು ತಂದು ಕೂರಿಸುತ್ತಾರೆ. ಮಿಕ್ಸಿಯ ಕೆಳಗೆ ಟಾರ್ಚಿನ ಹೊಗಳಿಕೆ ಕಂಡರೆ ಅದೇ ಗುಟ್ಟು.

ಡಬ್ಬದಲ್ಲಿ 'ಐದು ಸ್ಟಾರ್ ಕೊಡಿ, ನೂರು ರೂಪಾಯಿ ವಾಪಸ್' ಅನ್ನುವ ಚೀಟಿ ಬಂತು ಅಂತ ಯಾರಾದರೂ ಬರೆದಿದ್ದರೆ ಆ ಪುಟದ ಸ್ಟಾರ್ ಲೆಕ್ಕಕ್ಕೇ ತಗೋಬೇಡಿ. ಸರಕಾರದ ಮಾನಕ ಸಂಸ್ಥೆ ಬಿಐಎಸ್ 2022ರಲ್ಲಿ ತಂದ ಐಎಸ್ 19000 ಅನ್ನುವ ಮಾನದಂಡ ಆನ್‌ಲೈನ್ ವಿಮರ್ಶೆಗಳಿಗಾಗಿಯೇ ಇದೆ. ಅದನ್ನು ಒಪ್ಪಿಕೊಳ್ಳುವುದು ಮಾತ್ರ ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು.

ಅಕ್ಕ 750 ತಗೊಂಡಳು. ಬಂದ ದಿನವೇ ಆ್ಯಪ್ ಸ್ಟಾರ್ ಕೇಳಿತಂತೆ. "ನಾಲ್ಕು ತಿಂಗಳು ಬಿಟ್ಟು ಕೇಳು" ಅಂತ ಮುಚ್ಚಿಟ್ಟಿದ್ದಾಳೆ.