ತಮ್ಮನಿಗೆ ಗೇಮ್ ಡಿಸ್ಕ್: ಡಬ್ಬದ ಹಿಂಬದಿಯಿಂದ ಓದಲು ಶುರು ಮಾಡಿದ ನನ್ನ ಅನುಭವ

ಡಬ್ಬದ ಮುಂದೆ ಇರುವ ವಯಸ್ಸಿನ ಅಂಕಿಯನ್ನು ಕೊನೆಗೆ ನೋಡಬೇಕು, ಹಿಂಬದಿಯ ಸಣ್ಣ ಅಕ್ಷರ ಮೊದಲು ಓದಬೇಕು ಅಂತ ನಾನು ಹೇಳಿದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಅಂಕಿ ಹಾಕಿದ್ದೇ ನೋಡಲಿ ಅಂತಲ್ವಾ ಮಾರಾಯ್ತಿ" ಎಂದು ಭಾವ ನಕ್ಕ. ಈಗ ಅದೇ ಭಾವ ತನ್ನ ಮಗನಿಗೆ ಡಿಸ್ಕ್ ತೆಗೆದುಕೊಳ್ಳುವ ಮೊದಲು ನನಗೆ ಫೋಟೋ ಕಳಿಸುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿರಸಿ. ತಮ್ಮನಿಗೆ ಹನ್ನೊಂದು. ಮನೆಯಲ್ಲಿರುವುದು ಟಿವಿಗೆ ಜೋಡಿಸಿ ಆಡುವ ಹಳೆಯ ಗೇಮ್ ಯಂತ್ರ ಪಿಎಸ್4. ಹೊಸ ಡಿಸ್ಕ್ ಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು, ಇಲ್ಲವೇ ಕೊರಿಯರ್. ಹಳೆಯದು ಕಾರವಾರದಲ್ಲಿ ಒಳ್ಳೆಯದು ಸಿಗುತ್ತದೆ. ನೇವಿಯವರಿಗೆ ವರ್ಗಾವಣೆ ಆದಾಗ ಸಾಮಾನು ಕಡಿಮೆ ಮಾಡಲು ಡಿಸ್ಕ್ ಮಾರುತ್ತಾರೆ. ಇನ್ನು ಅಮೆರಿಕದಲ್ಲಿರುವ ನೆಂಟರು ಬಂದಾಗ ಒಂದೆರಡು ತಂದುಕೊಡುತ್ತಾರೆ. ಹೀಗಾಗಿ ನಮ್ಮ ಕಪಾಟಿನಲ್ಲಿ ಎರಡು ಥರದ ವಯಸ್ಸಿನ ಗುರುತಿನ ಡಬ್ಬಗಳಿವೆ. ಇಲ್ಲಿಯ ಅಂಗಡಿಯಲ್ಲಿ ಕೊಂಡದ್ದರ ಮೇಲೆ ಯುರೋಪಿನ ಪೆಗಿ ಅಂಕಿ: 3, 7, 12, 16, 18. ಅಮೆರಿಕದಿಂದ ಬಂದದ್ದರ ಮೇಲೆ ಇಎಸ್‌ಆರ್‌ಬಿ ಅಕ್ಷರ: E, E10+, T, M. E ಅಂದರೆ ಎಲ್ಲರಿಗೂ, E10+ ಅಂದರೆ ಹತ್ತರಿಂದ ಮೇಲೆ. ನಮ್ಮ ಅಪ್ಪಯ್ಯ M ಅಂದರೆ ಮೀಡಿಯಂ ಅಂದುಕೊಂಡಿದ್ದರು. ಅದು ಹದಿನೇಳು ತುಂಬಿದವರಿಗೆ.

ಅಂಕಿ ಮಾತ್ರ ನೋಡಿದರೆ ಏನಾಗುತ್ತದೆ ಅನ್ನುವುದಕ್ಕೆ ಚಿಕ್ಕಪ್ಪನ ಮನೆಯೇ ಸಾಕು. ಪ್ರತಿವರ್ಷ ಹೊಸದಾಗಿ ಬರುವ ಫುಟ್‌ಬಾಲ್ ಆಟ ಒಂದನ್ನು ಅವರು ಮಗನಿಗೆ ಕೊಡಿಸಿದರು. ಡಬ್ಬದ ಮೇಲೆ ದೊಡ್ಡದಾಗಿ 3 ಇತ್ತು. ಮೂರು ವರ್ಷದವರಿಗೂ ಆಗುತ್ತೆ ಅಂದಮೇಲೆ ಹನ್ನೆರಡರ ಹುಡುಗನಿಗೆ ಏನು ಚಿಂತೆ ಅಂತ ಎಲ್ಲರೂ ಖುಷಿ. ಡಿಸ್ಕಿಗೆ ಹೆಚ್ಚುಕಡಿಮೆ ಎರಡೂವರೆ ಸಾವಿರ. ಆಮೇಲೆ ಕಾರ್ಡಿನಿಂದ ಹೋದದ್ದು ಅದಕ್ಕಿಂತ ಜಾಸ್ತಿ. ಹುಡುಗ ಆಟದೊಳಗೆ ಆಟಗಾರರ ಪ್ಯಾಕ್ ಕೊಳ್ಳುತ್ತಿದ್ದ. ಪ್ಯಾಕ್ ಒಡೆದರೆ ಯಾವ ಆಟಗಾರ ಬರುತ್ತಾನೆ ಅಂತ ಮೊದಲೇ ಗೊತ್ತಿರುವುದಿಲ್ಲ. ಬೇಕಾದವನು ಬರಲಿಲ್ಲ ಅಂದರೆ ಇನ್ನೊಂದು ಪ್ಯಾಕ್.

ಆ 3 ಸುಳ್ಳಲ್ಲ. ಆಟದಲ್ಲಿ ರಕ್ತ ಇಲ್ಲ, ಬೈಗುಳ ಇಲ್ಲ, ಹೆದರಿಕೆ ಇಲ್ಲ. ಆ ಅಂಕಿ ಹೇಳಿದ್ದು ತೆರೆಯ ಮೇಲೆ ಏನು ಕಾಣುತ್ತದೆ ಅನ್ನುವುದನ್ನು. ಹಣದ ವಿಷಯ ಹಿಂಬದಿಯಲ್ಲಿ ಬೇರೆ ಗುರುತಾಗಿ ಇರುತ್ತದೆ: In-Game Purchases, ಅದರ ಜೊತೆ Includes Random Items ಅನ್ನುವ ಸಾಲು. ಮೊದಲನೆಯದು ಮಾತ್ರ ಇದ್ದರೆ ಆಟದೊಳಗೆ ದುಡ್ಡು ಕೊಟ್ಟು ಏನೋ ಕೊಳ್ಳಬಹುದು ಅಂತ. ಎರಡನೆಯದೂ ಇದ್ದರೆ, ಏನು ಸಿಗುತ್ತದೆ ಅಂತ ಗೊತ್ತಿಲ್ಲದೇ ದುಡ್ಡು ಕೊಡುವುದೂ ಇದೆ ಅಂತ. ಚಿಕ್ಕಪ್ಪನ ಡಬ್ಬದ ಮೇಲೆ ಎರಡೂ ಇದ್ದವು. ಅಡಿಕೆ ಚೀಲದ ಮೇಲಿನ ತೂಕ ನೋಡಿ ಒಳಗಿರುವುದು ರಾಶಿ ಬಗೆಯದೋ ಬೆಟ್ಟೆ ಬಗೆಯದೋ ಅಂತ ಹೇಳಲು ಆಗುವುದಿಲ್ಲ ಅಲ್ವಾ, ಹಾಗೇ.

ಹಳೆಯ ಡಿಸ್ಕ್ ಕೊಳ್ಳುವವರು ಇಲ್ಲಿ ಒಂದು ಗಮನಿಸಬೇಕು. ಈ ಖರೀದಿಯ ಗುರುತು ಡಬ್ಬದ ಮೇಲೆ ಬರಲು ಶುರುವಾದದ್ದು 2018ರಲ್ಲಿ. ಏನು ಸಿಗುತ್ತದೋ ಗೊತ್ತಿಲ್ಲ ಅನ್ನುವ ಎರಡನೇ ಸಾಲು ಸೇರಿದ್ದು 2020ರಲ್ಲಿ. ಅದಕ್ಕಿಂತ ಹಳೆಯ ಡಬ್ಬದ ಮೇಲೆ ಗುರುತು ಇಲ್ಲ ಅಂದರೆ ಒಳಗೂ ಇಲ್ಲ ಅಂತ ಅರ್ಥ ಅಲ್ಲ. ಆಗ ಗುರುತೇ ಇರಲಿಲ್ಲ, ಅಷ್ಟೇ. ನಾನು ಡಬ್ಬದ ಹಿಂಬದಿಯ ಕೆಳಗೆ ಸಣ್ಣದಾಗಿ ಅಚ್ಚಾದ ವರ್ಷ ಮೊದಲು ನೋಡುತ್ತೇನೆ. ಇನ್ನೊಂದು ತೊಂದರೆ ಅಂದರೆ ಮಾರುವವರು ವಾಟ್ಸಾಪಿನಲ್ಲಿ ಮುಂಭಾಗದ ಫೋಟೋ ಮಾತ್ರ ಕಳಿಸುತ್ತಾರೆ. ಅಲ್ಲಿ ಅಂಕಿ ಬಿಟ್ಟರೆ ಏನೂ ಇರುವುದಿಲ್ಲ. ಹಿಂಬದಿಯ ಫೋಟೋ ಕೇಳಿ. ಕಳಿಸದಿದ್ದರೆ ನಾನು ಬಿಟ್ಟುಬಿಡುತ್ತೇನೆ. ಡಬ್ಬವೇ ಇಲ್ಲದೆ ಬರೀ ಡಿಸ್ಕ್ ಮಾರುವವರ ಹತ್ತಿರ ದರ ಹೇಗೆ ಇಳಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಕಾರವಾರದವರೂ ಓದುತ್ತಾರೆ.

ಈಗ ತಮ್ಮನ ಕಥೆಗೆ ಬರುತ್ತೇನೆ. ಅವನಿಗೆ ಬೇಕಾಗಿದ್ದದ್ದು 2018ರ ಮಾರ್ವೆಲ್ಸ್ ಸ್ಪೈಡರ್‌ಮ್ಯಾನ್. ಕಾರವಾರದಲ್ಲಿ ಒಬ್ಬರು ಸಾವಿರದ ಆಸುಪಾಸಿಗೆ ಕೊಡುತ್ತೇವೆ ಅಂದಿದ್ದರು. ಡಬ್ಬದ ಮೇಲೆ 16. ಆಯಿ ಅದನ್ನು ನೋಡಿದವರೇ "ಬ್ಯಾಡ" ಅಂದರು. ಭಾವನ ವಾದ ಉಲ್ಟಾ: "ಸ್ಪೈಡರ್‌ಮ್ಯಾನ್ ಮಕ್ಕಳದ್ದಲ್ದನೇ? ಆ 16 ಎಲ್ಲ ಸುಮ್ನೆ." ಒಬ್ಬರು ಅಂಕಿ ನೋಡಿದರು, ಇನ್ನೊಬ್ಬರು ಹೆಸರು ನೋಡಿದರು. ಆಟದ ಒಳಗೇನಿದೆ ಅಂತ ಇಬ್ಬರೂ ನೋಡಲಿಲ್ಲ.

ನಾನು ಮಾಡಿದ್ದು ಇಷ್ಟು. ಅದೇ ಆಟಕ್ಕೆ ಅಮೆರಿಕದವರು ಏನು ಕೊಟ್ಟಿದ್ದಾರೆ ಅಂತ esrb.org ನಲ್ಲಿ ಹುಡುಕಿದೆ. ಅಲ್ಲಿ T, ಅಂದರೆ ಹದಿಮೂರರಿಂದ ಮೇಲೆ. ಒಂದೇ ಆಟಕ್ಕೆ ಒಂದು ಕಡೆ ಹದಿನಾರು, ಇನ್ನೊಂದು ಕಡೆ ಹದಿಮೂರು. ಇದನ್ನು ನೋಡಿ ಭಾವ "ನೋಡು, ಅವರಿಗೇ ಗೊತ್ತಿಲ್ಲ" ಅಂದ. ಆದರೆ ನನಗೆ ಎಲ್ಲಕ್ಕಿಂತ ಉಪಯೋಗವಾದದ್ದು ಈ ವ್ಯತ್ಯಾಸವೇ. ಪೆಗಿಯ ಮೆಟ್ಟಿಲಲ್ಲಿ 12 ಆದಮೇಲೆ ಸೀದಾ 16. ನಡುವೆ ಏನೂ ಇಲ್ಲ. ಅಮೆರಿಕದವರ ಮೆಟ್ಟಿಲಲ್ಲಿ T ಆದಮೇಲೆ M. ಹದಿನಾಲ್ಕರ ಹುಡುಗನಿಗೆ ಸರಿ ಅನ್ನಿಸುವ ಆಟ ಒಂದು ಕಡೆ ಮೇಲಿನ ಮೆಟ್ಟಿಲಿಗೆ ಹೋಗುತ್ತದೆ, ಇನ್ನೊಂದು ಕಡೆ ಕೆಳಗಿನದಕ್ಕೆ ಬೀಳುತ್ತದೆ. ಎರಡೂ ಕಡೆ ಒಂದೇ ಮಟ್ಟ ಬಂದರೆ ನಾನು ಬೇಗ ತೀರ್ಮಾನ ಮಾಡುತ್ತೇನೆ. ಬೇರೆ ಬೇರೆ ಬಂದರೆ ಯಾಕೆ ಅಂತ ಓದಲು ಕೂರುತ್ತೇನೆ.

ಕಾರಣ ಹಿಂಸೆಯ ಬಗೆ. ಪೆಗಿಯಲ್ಲಿ ಮನುಷ್ಯರ ಮೇಲಿನ ಹೊಡೆತ ನಿಜ ಜೀವನದಲ್ಲಿ ಇದ್ದ ಹಾಗೇ ಕಂಡರೆ 16ಕ್ಕೆ ಹೋಗುತ್ತದೆ. ಈ ಆಟದಲ್ಲಿ ಹೊಡೆಯುವುದು ರಾಕ್ಷಸರನ್ನಲ್ಲ, ಬೀದಿಯ ರೌಡಿಗಳನ್ನು. ಅವರು ನೋಡಲು ನಿಜವಾದ ಮನುಷ್ಯರ ಹಾಗೇ ಇದ್ದಾರೆ. ಇಎಸ್‌ಆರ್‌ಬಿ ಪಟ್ಟಿಯಲ್ಲಿ ರಕ್ತ, ಹಿಂಸೆ, ಬೈಗುಳ, ಮಾದಕ ವಸ್ತುವಿನ ಪ್ರಸ್ತಾಪ ಇವೆ. ಇಲ್ಲಿ ಪದಗಳ ತೂಕ ತಿಳಿದಿರಬೇಕು. Cartoon Violence, Fantasy Violence, Violence, Intense Violence ಇವೆಲ್ಲ ಬೇರೆ ಬೇರೆ. Blood ಬೇರೆ, Blood and Gore ಬೇರೆ. ಎರಡನೆಯದರಲ್ಲಿ ಕೈಕಾಲು ತುಂಡಾಗುವುದೂ ಸೇರಬಹುದು. ಪಟ್ಟಿಯ ಕೆಳಗೆ Rating Summary ಅಂತ ಒಂದು ಪ್ಯಾರಾ ಇರುತ್ತದೆ. ಯಾವ ದೃಶ್ಯದಲ್ಲಿ ಏನಾಗುತ್ತದೆ, ಯಾವ ಬೈಗುಳ ಬರುತ್ತದೆ ಅಂತ ಬಿಚ್ಚಿ ಬರೆದಿರುತ್ತಾರೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಈ ಪ್ಯಾರಾ. ಡಿಸ್ಕ್ ರೂಪದಲ್ಲಿ 2008ರ ನಂತರ ಬಂದ ಆಟಗಳಿಗೆ ಸಿಗುತ್ತದೆ. ಮೊಬೈಲ್ ಆಟಗಳಿಗೆ ಹುಡುಕಬೇಡಿ, ಸಿಗುವುದಿಲ್ಲ.

ಪ್ಯಾರಾ ಓದಿದ ಮೇಲೆ ಯೂಟ್ಯೂಬಿನಲ್ಲಿ ಆ ಆಟದ ನಡುಭಾಗ ನೋಡುತ್ತೇನೆ. ಟ್ರೇಲರ್ ಪ್ರಯೋಜನ ಇಲ್ಲ, ಅದು ಮಾರಲು ಮಾಡಿದ್ದು. ಯಾವ ಪದ ಹಾಕಿ ಹುಡುಕಿದರೆ ಸರಿಯಾದ ಜಾಗ ಸಿಗುತ್ತದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಕೊನೆಗೆ ಸ್ಪೈಡರ್‌ಮ್ಯಾನ್ ತಂದೆವಾ? ಇಲ್ಲ. ಒಬ್ಬನೇ ಆಡುವ ಆಟ, ಅಪರಿಚಿತರ ಕಾಟ ಇಲ್ಲ. ಹಣದ ದೃಷ್ಟಿಯಿಂದ ಚಿಕ್ಕಪ್ಪನ 3ಕ್ಕಿಂತ ಈ 16 ಎಷ್ಟೋ ವಾಸಿ. ಆದರೆ ನಮ್ಮ ತಮ್ಮ ರಕ್ತ ಕಂಡರೆ ರಾತ್ರಿ ಆಯಿಯ ಪಕ್ಕ ಮಲಗುವವ. ಹದಿಮೂರಕ್ಕೆ ನೋಡೋಣ ಅಂತ ಹೇಳಿದೆ. ಬದಲಿಗೆ ಲೆಗೊ ಮಾರ್ವೆಲ್ ಸೂಪರ್ ಹೀರೋಸ್ 2 ತಂದೆ. ಅದರಲ್ಲೂ ಸ್ಪೈಡರ್‌ಮ್ಯಾನ್ ಇದ್ದಾನೆ. ಪೆಗಿ 7, ಅಮೆರಿಕದಲ್ಲಿ E10+. ಹಿಂಸೆ ಕಾರ್ಟೂನ್ ಬಗೆಯದ್ದು. ಹೊಡೆದರೆ ಇಟ್ಟಿಗೆ ಚೂರು ಹಾರುತ್ತವೆ, ಅಷ್ಟೇ. ಎರಡು ಕಂಟ್ರೋಲರ್ ಇದ್ದರೆ ಇಬ್ಬರು ಕೂತು ಆಡಬಹುದು. ಎಂಟುನೂರೋ ಒಂಬೈನೂರೋ ಕೊಟ್ಟ ನೆನಪು. "ಇಟ್ಟಿಗೆ ಆಟ ಅವ ಎರಡು ದಿನಕ್ಕೆ ಬಿಡ್ತಾ" ಅಂತ ಭಾವ ಹೇಳಿದ್ದ. ಮಳೆಗಾಲ ಪೂರ್ತಿ ಅದೇ ನಡೆಯಿತು, ಕರೆಂಟ್ ಇದ್ದಾಗ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಆಯಿಯ ಫೋನಿನಲ್ಲಿ ತಮ್ಮ ಲೂಡೋ, ಕೇರಂ ಹಾಕಿಕೊಳ್ಳುತ್ತಿದ್ದ. ಪ್ಲೇ ಸ್ಟೋರಿನಲ್ಲಿ ಇಂಥ ಹಲವನ್ನು ತೆರೆದು ವಯಸ್ಸಿನ ಗುರುತಿನ ಮೇಲೆ ಒತ್ತಿ ನೋಡಿದೆ. ನಾನು ನೋಡಿದ್ದರಲ್ಲಿ ಹೆಚ್ಚಿನವು 3+. ಅದರ ಕೆಳಗೆ ಕೆಲವಕ್ಕೆ Users Interact ಅಂತ ಇತ್ತು. ಅಂದರೆ ಆಡುವವರು ಒಬ್ಬರಿಗೊಬ್ಬರು ಮಾತಾಡಬಹುದು, ಏನಾದರೂ ಕಳಿಸಬಹುದು. ನಾನು ನೋಡಿದ ಅಂಕಿಗಳ ಲೆಕ್ಕಕ್ಕೆ ಆ ಮಾತು ಬಂದಿರಲಿಲ್ಲ. ಎದುರಿನವ ಏನು ಬೈಯುತ್ತಾನೆ ಅಂತ ಯಾರೂ ಮೊದಲೇ ಅಳೆಯಲು ಆಗುವುದಿಲ್ಲವಲ್ಲ. ಇನ್ನೊಂದು ಗೊತ್ತಿರಲಿ: ಪ್ಲೇ ಸ್ಟೋರಿನ ಅಂಕಿ ಬರುವುದು ಐಎಆರ್‌ಸಿ ಅನ್ನುವ ವ್ಯವಸ್ಥೆಯಿಂದ. ಆಟ ಮಾಡಿದವರು ಪ್ರಶ್ನೆಗಳಿಗೆ ಉತ್ತರ ತುಂಬುತ್ತಾರೆ, ಅಂಕಿ ತಾನಾಗಿ ಬರುತ್ತದೆ. ದೂರು ಬಂದರೆ ಆಮೇಲೆ ತಿದ್ದುತ್ತಾರೆ. ಅಮೆರಿಕದಲ್ಲಿ ಡಿಸ್ಕಿನ ಆಟಕ್ಕೆ ಹಾಗಲ್ಲ. ಅತಿ ಕೆಟ್ಟ ದೃಶ್ಯಗಳ ವಿಡಿಯೋವನ್ನು ಕಂಪನಿ ಕಳಿಸಬೇಕು, ಕನಿಷ್ಠ ಮೂವರು ಕೂತು ನೋಡುತ್ತಾರೆ. ಹಾಗಾಗಿ ಫೋನಿನ 3ಕ್ಕೆ ನಾನು ಡಿಸ್ಕಿನ 3ರಷ್ಟು ಬೆಲೆ ಕೊಡುವುದಿಲ್ಲ.

ಡಿಸ್ಕ್ ತಂದ ದಿನವೇ ಪಿಎಸ್4ನಲ್ಲಿ Family Management ಒಳಗೆ ತಮ್ಮನಿಗೆ ಬೇರೆ ಖಾತೆ ಮಾಡಿದೆ. ಮಗುವಿನ ಖಾತೆಗೆ ತಿಂಗಳ ಖರ್ಚಿನ ಮಿತಿ ಮೊದಲಿಂದಲೇ ಸೊನ್ನೆ ಇರುತ್ತದೆ. ಅದನ್ನು ಮುಟ್ಟಬೇಡಿ. ಚಿಕ್ಕಪ್ಪನ ಮನೆಯಲ್ಲಿ ಹುಡುಗ ಆಡುತ್ತಿದ್ದದ್ದು ಅಪ್ಪನ ಖಾತೆಯಲ್ಲಿ, ಅಲ್ಲಿ ಕಾರ್ಡ್ ಉಳಿಸಿಟ್ಟಿತ್ತು. ಬೇರೆ ಖಾತೆ ಇದ್ದರೂ ದೊಡ್ಡವರ ಖಾತೆಗೆ ಪಾಸ್‌ಕೋಡ್ ಹಾಕದಿದ್ದರೆ ವ್ಯರ್ಥ, ಅದನ್ನೇ ಒತ್ತಿ ಒಳಗೆ ಹೋಗುತ್ತಾರೆ. ಯಂತ್ರದ ನಿರ್ಬಂಧದ ಪಾಸ್‌ಕೋಡ್ ಕಂಪನಿಯಿಂದ ಬರುವಾಗ 0000 ಇರುತ್ತದೆ. ಶಾಲೆಯಲ್ಲಿ ಎಲ್ಲ ಹುಡುಗರಿಗೂ ಅದು ಗೊತ್ತು, ಬದಲಾಯಿಸಿ.

ಈಗ ಅವನ ಹೊಸ ಬೇಡಿಕೆ ಫೋರ್ಟ್‌ನೈಟ್. ಪೆಗಿ 12, ಅಮೆರಿಕದಲ್ಲಿ T. ಎರಡೂ ಕಡೆ ಹತ್ತಿರ ಹತ್ತಿರ ಒಂದೇ, ಹಾಗಾಗಿ ಹಿಂಸೆಯ ಬಗ್ಗೆ ತಲೆಬಿಸಿ ಇಲ್ಲ. ಉಳಿದದ್ದು ಧ್ವನಿ ಮಾತುಕತೆ ಮತ್ತು ಆಟದೊಳಗಿನ ಅಂಗಡಿ. ಆಟ ಪುಕ್ಕಟೆ, ಆಟದ ಪಾತ್ರದ ಬಟ್ಟೆಬರೆಗೆ ಮಾತ್ರ ದುಡ್ಡು ಅಂತ ಅವನ ವಾದ. ಧ್ವನಿ ಬಂದ್ ಮಾಡಿ, ಖರ್ಚಿನ ಮಿತಿ ಸೊನ್ನೆಯಲ್ಲೇ ಇಟ್ಟು, ಅವನಿಗೆ ಹನ್ನೆರಡು ತುಂಬಿದ ಮೇಲೆ ಹಾಕಿಕೊಡುತ್ತೇನೆ ಅಂದಿದ್ದೇನೆ. "ಅಕ್ಕ, ಒಂದು ಬಟ್ಟೆಯಾದ್ರೂ" ಅನ್ನುವುದು ದಿನಾ ಊಟದ ಹೊತ್ತಿಗೆ ನಡೆಯುತ್ತಿದೆ.