14 ಪುಟಗಳ ವರ್ಕ್ ಫ್ರಮ್ ಹೋಮ್ ನಿಯಮಾವಳಿಯನ್ನು ಒಂದು ಪುಟಕ್ಕೆ ಇಳಿಸುವುದು ಹೇಗೆ?

ಬೆಳಗಾವಿಯ ಉದ್ಯಮಬಾಗದ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದಾಗ, ಬಾಗಲಕೋಟೆಯ ನವನಗರದ ಮನೆಯಿಂದ ಕೆಲಸ ಮಾಡುತ್ತಿದ್ದ ಸಹೋದ್ಯೋಗಿಯೊಬ್ಬರು ಕಳುಹಿಸಿದ ಇಂಟರ್ನೆಟ್ ಬಿಲ್ಲನ್ನು ನಾನೇ ತಿರಸ್ಕರಿಸಿ ಹಿಂದಿರುಗಿಸಬೇಕಾಯಿತು. ಬಿಲ್ಲು ಅವರ ತಂದೆಯ ಹೆಸರಿನಲ್ಲಿತ್ತು. ನಿಯಮಾವಳಿಯಲ್ಲಿ ಬಿಲ್ಲು ಉದ್ಯೋಗಿಯ ಹೆಸರಿನಲ್ಲೇ ಇರಬೇಕೆಂದು ಬರೆದಿತ್ತು. ಆದರೆ ಸಿಬ್ಬಂದಿಗೆ ಹಂಚಿದ್ದ ಸಾರಾಂಶದಲ್ಲಿ ಇದ್ದದ್ದು ‘ಇಂಟರ್ನೆಟ್‌ಗೆ ತಿಂಗಳಿಗೆ 900 ರೂಪಾಯಿ ಕೊಡಲಾಗುವುದು’ ಎಂಬ ಒಂದೇ ವಾಕ್ಯ. ಸಾರಾಂಶ ಬರೆದವರು ಸೌಲಭ್ಯವನ್ನು ಉಳಿಸಿಕೊಂಡು ಷರತ್ತನ್ನು ಬಿಟ್ಟಿದ್ದರು. ಷರತ್ತುಗಳನ್ನು ಬಿಡದೆ ಒಂದು ಪುಟದ ಸಾರಾಂಶವನ್ನು ಬರೆಯುವ ಕ್ರಮವನ್ನು ಆ ನಿಯಮಾವಳಿಯನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಮೊದಲು ಇಡೀ ನಿಯಮಾವಳಿಯನ್ನು ಏನನ್ನೂ ಬರೆದುಕೊಳ್ಳದೆ ಒಮ್ಮೆ ಓದಬೇಕು. ಆರಂಭದ ‘ವ್ಯಾಖ್ಯೆಗಳು’ ಮತ್ತು ಕೊನೆಯ ಅನುಬಂಧಗಳನ್ನು ಹಾರಿಸಬಾರದು, ಏಕೆಂದರೆ ನಿಜವಾದ ಷರತ್ತುಗಳು ಹೆಚ್ಚಾಗಿ ಅಲ್ಲಿಯೇ ಇರುತ್ತವೆ. ಎರಡನೆಯ ಓದಿನಲ್ಲಿ ಪ್ರತಿ ವಾಕ್ಯದ ಪಕ್ಕದಲ್ಲಿ ಅದು ಅರ್ಹತೆ, ಅನುಮತಿ, ಸಲಕರಣೆ, ಖರ್ಚು ಎಂಬ ನಾಲ್ಕರಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಬೇಕು. ಒಂದೇ ವಾಕ್ಯಕ್ಕೆ ಎರಡು ಗುರುತು ಬಿದ್ದರೆ ಆ ವಾಕ್ಯ ಸಾರಾಂಶದಲ್ಲಿ ಎರಡೂ ಕಡೆ ಬರಬೇಕು, ಏಕೆಂದರೆ ಓದುಗರು ತಮಗೆ ಬೇಕಾದ ಭಾಗವನ್ನಷ್ಟೇ ಓದುತ್ತಾರೆ.

ಮುಂದಿನ ಕೆಲಸ ಕ್ರಿಯಾಪದಗಳದ್ದು. ಇಂಗ್ಲಿಷ್ ನಿಯಮಾವಳಿಯಲ್ಲಿ ‘ಶಲ್’ ಎಂದಿದ್ದರೆ ಅದು ಕಡ್ಡಾಯ, ‘ಮೇ’ ಎಂದಿದ್ದರೆ ವಿವೇಚನೆಗೆ ಬಿಟ್ಟದ್ದು. ನಮ್ಮ ಸರ್ಕಾರಿ ಕನ್ನಡದಲ್ಲಿ ಮೊದಲನೆಯದಕ್ಕೆ ‘ತಕ್ಕದ್ದು’ ಎಂಬ ಸ್ಪಷ್ಟ ರೂಪವಿದೆ. ತೊಂದರೆ ಇರುವುದು ಎರಡನೆಯದರಲ್ಲಿ. ‘ಮ್ಯಾನೇಜರ್ ವಾರಕ್ಕೆ ಎರಡು ದಿನ ಅನುಮತಿ ನೀಡಬಹುದು’ ಎಂದು ಬರೆದರೆ ಓದುವವರು ಎರಡು ದಿನ ತಮಗೆ ಸಿಕ್ಕೇ ಸಿಗುತ್ತವೆ ಎಂದು ತಿಳಿಯುತ್ತಾರೆ. ಆದ್ದರಿಂದ ‘ಎರಡು ದಿನಗಳವರೆಗೆ ಅನುಮತಿ ಕೊಡುವುದೂ ನಿರಾಕರಿಸುವುದೂ ಮ್ಯಾನೇಜರ್ ತೀರ್ಮಾನ’ ಎಂದು ಬಿಡಿಸಿ ಬರೆಯುವುದೇ ಸರಿ, ವಾಕ್ಯ ಸ್ವಲ್ಪ ಉದ್ದವಾದರೂ ಚಿಂತೆಯಿಲ್ಲ.

ಅರ್ಹತೆಯ ಭಾಗವನ್ನು ಓದುಗರು ಯಾರನ್ನೂ ಕೇಳದೆ ತಾವೇ ಪರೀಕ್ಷಿಸಿಕೊಳ್ಳುವಂತೆ ಬರೆಯಬೇಕು: ಪ್ರೊಬೇಷನ್ ಮುಗಿದಿದೆಯೇ, ಕಂಪನಿಯ ಕಾಯಂ ಉದ್ಯೋಗಿಯೇ ಅಥವಾ ಗುತ್ತಿಗೆದಾರರ ಮೂಲಕ ಬಂದವರೇ, ಕೆಲಸ ಯಂತ್ರದ ಮುಂದೆ ನಿಂತು ಮಾಡುವಂಥದ್ದೇ. ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಪ್ರಶ್ನೆಯನ್ನು ಸೇರಿಸಲೇಬೇಕು. ಅನೇಕ ನಿಯಮಾವಳಿಗಳು ‘ಕರ್ನಾಟಕದೊಳಗಿನ ವಿಳಾಸದಿಂದ’ ಎಂದು ಮಿತಿ ಹಾಕುತ್ತವೆ, ಏಕೆಂದರೆ ವೃತ್ತಿ ತೆರಿಗೆಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ನಿಪ್ಪಾಣಿಯವರಿಗೆ ಇದರಿಂದ ಅಡ್ಡಿಯಿಲ್ಲ. ಆದರೆ ಗಡಿಯಾಚೆಯ ಚಂದಗಡ ತಾಲ್ಲೂಕಿನಿಂದ ಬೆಳಗಾವಿಗೆ ಕೆಲಸಕ್ಕೆ ಬರುವವರು ಮನೆಯಿಂದ ಕೆಲಸ ಮಾಡಿದರೆ ಅದು ಮಹಾರಾಷ್ಟ್ರದಲ್ಲಿ ಮಾಡಿದ ಕೆಲಸವಾಗುತ್ತದೆ. ಈ ಮಿತಿ ಅನುಬಂಧದಲ್ಲಿದ್ದರೂ ಸಾರಾಂಶದಲ್ಲಿ ಅದು ಅರ್ಹತೆಯ ಮೊದಲ ಸಾಲುಗಳಲ್ಲೇ ಕಾಣಬೇಕು.

ಅನುಮತಿಯ ಭಾಗದಲ್ಲಿ ಯಾರು, ಯಾವ ಕ್ರಮದಲ್ಲಿ, ಎಷ್ಟು ದಿನದೊಳಗೆ ಒಪ್ಪಿಗೆ ಕೊಡಬೇಕು ಎಂಬುದಷ್ಟನ್ನು ಬರೆದು ನಿಲ್ಲಿಸಬಾರದು. ಉತ್ತರವೇ ಬರದಿದ್ದರೆ ಏನು ಎಂಬುದನ್ನೂ ಹುಡುಕಬೇಕು. ನಾನು ಹೇಳುತ್ತಿರುವ ನಿಯಮಾವಳಿಯಲ್ಲಿ ಮ್ಯಾನೇಜರ್ ಐದು ಕೆಲಸದ ದಿನಗಳಲ್ಲಿ ಉತ್ತರಿಸದಿದ್ದರೆ ಅರ್ಜಿ ಎಚ್‌ಆರ್‌ಗೆ ಹೋಗುತ್ತಿತ್ತೇ ಹೊರತು ಮಂಜೂರಾದಂತೆ ಆಗುತ್ತಿರಲಿಲ್ಲ. ಮೌನವನ್ನು ಒಪ್ಪಿಗೆ ಎಂದು ಭಾವಿಸಿ ಊರಿಗೆ ಹೋದವರ ಹಾಜರಾತಿಯಲ್ಲಿ ಆ ದಿನಗಳು ಗೈರುಹಾಜರಿಯಾಗಿ ದಾಖಲಾಗಿದ್ದವು.

ಸಲಕರಣೆಯ ವಿಚಾರ ಸರಳ. ಲ್ಯಾಪ್‌ಟಾಪ್‌ನ ಹಿಂಬದಿಗೆ ಅಂಟಿಸಿದ ನೋಂದಣಿ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆಯಬೇಕು, ಅದನ್ನು ಮನೆಯ ಇತರರು ಬಳಸಬಾರದು, ಕಳವಾದರೆ 24 ಗಂಟೆಯೊಳಗೆ ತಿಳಿಸಬೇಕು, ಕೆಲಸ ಬಿಟ್ಟರೆ ಕೊನೆಯ ದಿನದೊಳಗೆ ಹಿಂದಿರುಗಿಸಬೇಕು. ವಿದ್ಯುತ್ ಕೈಕೊಡುವ ಊರುಗಳಲ್ಲಿರುವವರು ಖಂಡಿತ ಕೇಳುವ ಪ್ರಶ್ನೆಯೆಂದರೆ ಯುಪಿಎಸ್ ಕಂಪನಿಯದೋ ತಮ್ಮದೋ ಎಂಬುದು. ನಿಯಮಾವಳಿ ಅದರ ಬಗ್ಗೆ ಏನೂ ಹೇಳದಿದ್ದರೆ ಸಾರಾಂಶದಲ್ಲಿಯೂ ‘ಈ ಬಗ್ಗೆ ನಿಯಮವಿಲ್ಲ, ಖರೀದಿಸುವ ಮೊದಲು ಎಚ್‌ಆರ್‌ಗೆ ಕೇಳಿ’ ಎಂದೇ ಬರೆಯಬೇಕು. ತುಂಬಬಾರದ ಖಾಲಿ ಜಾಗವನ್ನು ಊಹೆಯಿಂದ ತುಂಬಿದರೆ ಸಾರಾಂಶವೇ ಹೊಸ ನಿಯಮವಾಗಿಬಿಡುತ್ತದೆ.

ಹೆಚ್ಚು ಸಮಯ ಬೇಡುವುದು ಖರ್ಚಿನ ಕ್ಲೇಮ್‌ಗಳ ಭಾಗ. ಇಂಟರ್ನೆಟ್ ವಿಷಯದಲ್ಲಿ ನಮ್ಮ ನಿಯಮಾವಳಿ ನಾಲ್ಕು ಮಾತುಗಳನ್ನು ನಾಲ್ಕು ಕಡೆ ಹೇಳಿತ್ತು: ಗರಿಷ್ಠ 900 ರೂಪಾಯಿ, ಉದ್ಯೋಗಿಯ ಹೆಸರಿನ ಬಿಲ್ಲು, ಬಿಲ್ಲಿನ ದಿನಾಂಕದಿಂದ 30 ದಿನದೊಳಗೆ ಸಲ್ಲಿಕೆ, ಮತ್ತು ಕೊನೆಯ ಅನುಬಂಧದಲ್ಲಿ, ಆ ತಿಂಗಳು ಕನಿಷ್ಠ ಹತ್ತು ದಿನ ಮನೆಯಿಂದ ಕೆಲಸ ಮಾಡಿದ್ದಕ್ಕೆ ತಿಂಗಳು ಮುಗಿದ ಮೇಲೆ ಮ್ಯಾನೇಜರ್ ಸಹಿ ಮಾಡಿದ ಹಾಜರಾತಿ ಪಟ್ಟಿ. ಬಿಡಿಬಿಡಿಯಾಗಿ ಓದಿದರೆ ಇವು ಸುಲಭವಾಗಿ ಕಾಣುತ್ತವೆ, ಆದರೆ ಒಂದು ನಿಜವಾದ ಬಿಲ್ಲನ್ನು ಇವುಗಳ ಮೂಲಕ ಹಾಯಿಸಿ ನೋಡಬೇಕು. ಜೂನ್ 5ರ ಬಿಲ್ಲಿಗೆ 30 ದಿನದ ಗಡುವು ಜುಲೈ 5ಕ್ಕೆ ಮುಗಿಯುತ್ತದೆ. ಹಾಜರಾತಿ ಪಟ್ಟಿಗೆ ಸಹಿ ಬೀಳುವುದು ಜೂನ್ ಮುಗಿದ ಮೇಲೆ. ಅಂದರೆ ಉದ್ಯೋಗಿಗೆ ಉಳಿಯುವುದು ಜುಲೈ 1ರಿಂದ 5ರವರೆಗಿನ ಐದೇ ದಿನ, ಅದರಲ್ಲೂ ಭಾನುವಾರ ಬಂದರೆ ನಾಲ್ಕು. ನಿಯಮಾವಳಿಯಲ್ಲಿ ಎಲ್ಲಿಯೂ ‘ಐದು ದಿನ’ ಎಂದಿರಲಿಲ್ಲ. ಎರಡು ಷರತ್ತುಗಳನ್ನು ಅಕ್ಕಪಕ್ಕ ಇಟ್ಟಾಗಲೇ ಅದು ಹೊರಬಿತ್ತು. ಸಾರಾಂಶದಲ್ಲಿ ಮುಖ್ಯವಾಗಿ ಇರಬೇಕಾದ ಸಾಲು ಇದೇ.

ಮೊತ್ತವನ್ನೂ ಹೀಗೆಯೇ ಲೆಕ್ಕ ಹಾಕಿ ನೋಡಬೇಕು. 799 ರೂಪಾಯಿಯ ಪ್ಲ್ಯಾನಿಗೆ ಶೇ 18ರ ಜಿಎಸ್‌ಟಿ 143.82 ಸೇರಿ ಬಿಲ್ಲು 942.82 ರೂಪಾಯಿ ಆಗುತ್ತದೆ. 900ರ ಮಿತಿ ತೆರಿಗೆಯೂ ಸೇರಿದ ಮೊತ್ತಕ್ಕೆ ಅನ್ವಯಿಸಿದರೆ 42.82 ರೂಪಾಯಿ ಉದ್ಯೋಗಿಯ ಕೈಯಿಂದ ಹೋಗುತ್ತದೆ; ತೆರಿಗೆ ಬಿಟ್ಟ ಮೊತ್ತಕ್ಕೆ ಅನ್ವಯಿಸಿದರೆ ಪೂರ್ತಿ ಹಣ ಮರಳಿ ಬರುತ್ತದೆ. ನಿಯಮಾವಳಿಯಲ್ಲಿ ಇದು ಸ್ಪಷ್ಟವಿಲ್ಲದಿದ್ದರೆ ಸಾರಾಂಶ ಬರೆಯುವವರು ತಾವೇ ತೀರ್ಮಾನಿಸದೆ, ಲೆಕ್ಕಪತ್ರ ವಿಭಾಗಕ್ಕೆ ಪ್ರಶ್ನೆಯನ್ನು ಲಿಖಿತವಾಗಿ ಕಳುಹಿಸಿ, ಬಂದ ಉತ್ತರವನ್ನು ದಿನಾಂಕದೊಂದಿಗೆ ಸೇರಿಸಬೇಕು.

ಬರೆದಾದ ಮೇಲೆ ಪ್ರತಿ ಸಾಲಿನ ತುದಿಗೆ ಮೂಲದ ಕಲಂ ಸಂಖ್ಯೆಯನ್ನು, ತಲೆಬರಹದ ಕೆಳಗೆ ಯಾವ ದಿನಾಂಕದ ನಿಯಮಾವಳಿಯಿಂದ ತೆಗೆದದ್ದು ಎಂಬುದನ್ನು ನಮೂದಿಸಬೇಕು. ಬಳಿಕ ನಿಯಮಾವಳಿಯನ್ನು ಓದಿರದ ಒಬ್ಬರ ಕೈಗೆ ಆ ಪುಟವನ್ನು ಕೊಟ್ಟು ಮೂರು ಪ್ರಶ್ನೆ ಕೇಳಬೇಕು. ನಾವು ಪುಟವನ್ನು ಹೊಸದಾಗಿ ಬರೆದಾಗ ವಿಜಯಪುರದಿಂದ ಬಂದು ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬನಿಗೆ ‘ಬಿಲ್ಲು ನಿಮ್ಮ ಅಪ್ಪಾಜಿ ಹೆಸರಲ್ಲಿದ್ದರೆ ಏನು ಮಾಡುತ್ತೀ?’ ಎಂದು ಕೇಳಿದೆವು. ಅವನು ಬೆರಳಿಟ್ಟು ಸಾಲು ತೋರಿಸಿ, ‘ಹೆಸರು ಬದಲಾಯಿಸುವ ತನಕ ಕ್ಲೇಮ್ ಮಾಡಾಕ ಬರೂದಿಲ್ರಿ’ ಎಂದ. ಉಳಿದೆರಡಕ್ಕೂ ಸರಿಯಾದ ಸಾಲನ್ನೇ ತೋರಿಸಿದ ಮೇಲೆ ಆ ಪುಟವನ್ನು ಸೂಚನಾ ಫಲಕಕ್ಕೆ ಹಾಕಿದೆವು.